ಸಾಲ, ಟ್ರೆಶರಿ, ರಿಸ್ಕ್: ಬ್ಯಾಂಕ್ ಅಧಿಕಾರಿ ಯಾವುದನ್ನು, ಯಾವಾಗ ಆರಿಸಿಕೊಳ್ಳಬೇಕು

ಬೆಂಗಳೂರಿನ ಕೋಚಿಂಗ್ ಕೇಂದ್ರಗಳಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುವವರು ಪ್ರಿಲಿಮ್ಸ್‌ನ ಕಟ್-ಆಫ್ ಬಗ್ಗೆ ಗಂಟೆಗಟ್ಟಲೆ ಚರ್ಚಿಸುತ್ತಾರೆ. ಕೆಲಸ ಸಿಕ್ಕ ಐದಾರು ವರ್ಷಗಳ ನಂತರ ಯಾವ ವಿಭಾಗದಲ್ಲಿ ಕುಳಿತಿರಬೇಕು ಎಂಬ ಪ್ರಶ್ನೆಯನ್ನು ಮಾತ್ರ ಮುಂದಕ್ಕೆ ಹಾಕುತ್ತಾರೆ. ಆ ಪ್ರಶ್ನೆ ಎದುರಾಗುವ ಹೊತ್ತಿಗೆ ಮೂರು ದಾರಿಗಳಲ್ಲಿ ಒಂದು ಬಹುಪಾಲು ಮುಚ್ಚಿಹೋಗಿರುತ್ತದೆ. ಸಾಲ ವಿಭಾಗ, ಟ್ರೆಶರಿ ಮತ್ತು ರಿಸ್ಕ್ ಈ ಮೂರನ್ನೂ ಸಂಬಳ ಅಥವಾ ಪ್ರತಿಷ್ಠೆಯ ಮೇಲೆ ಹೋಲಿಸುವುದರಲ್ಲಿ ಹೆಚ್ಚಿನ ಅರ್ಥವಿಲ್ಲ, ಏಕೆಂದರೆ ಸರ್ಕಾರಿ ಬ್ಯಾಂಕಿನಲ್ಲಿ ಒಂದೇ ಸ್ಕೇಲ್‌ನಲ್ಲಿರುವವರ ಮೂಲ ವೇತನ ಯಾವ ಕುರ್ಚಿಯಲ್ಲಿ ಕುಳಿತರೂ ಒಂದೇ. ಅವು ಬೇರೆಯಾಗುವುದು ಯಾವ ವಯಸ್ಸಿನಲ್ಲಿ ಪ್ರವೇಶ ಸಾಧ್ಯ, ಯಾವ ಊರಿನಲ್ಲಿ ಇರಬೇಕಾಗುತ್ತದೆ ಮತ್ತು ತಪ್ಪಾದಾಗ ಹೊಣೆ ಯಾರ ಹೆಸರಿಗೆ ಬರುತ್ತದೆ ಎಂಬ ಮೂರು ವಿಷಯಗಳಲ್ಲಿ. ಈ ಬರಹ ಅವುಗಳ ಮೇಲೆಯೇ ನಿಂತಿದೆ.

ಪ್ರವೇಶ ಪರೀಕ್ಷೆಯಲ್ಲೇ ಆಗುವ ಆಯ್ಕೆ

ಪದವೀಧರರಿಗೆ ಮುಖ್ಯ ಬಾಗಿಲು ಐಬಿಪಿಎಸ್ ನಡೆಸುವ ಪ್ರೊಬೇಷನರಿ ಆಫೀಸರ್ ಪರೀಕ್ಷೆ. ವಯಸ್ಸು 20ರಿಂದ 30ರೊಳಗಿರಬೇಕು. ಮೀಸಲು ವರ್ಗದವರಿಗೆ ಸಡಿಲಿಕೆ ಇದೆ. ಪ್ರಿಲಿಮ್ಸ್ ಕೇವಲ ಸೋಸುವ ಹಂತ; ಅಂತಿಮ ಪಟ್ಟಿ ತಯಾರಾಗುವುದು ಮೇನ್ಸ್ ಮತ್ತು ಸಂದರ್ಶನದ ಅಂಕಗಳನ್ನು 80:20ರ ಅನುಪಾತದಲ್ಲಿ ಸೇರಿಸಿ. ಸ್ಟೇಟ್ ಬ್ಯಾಂಕ್ ತನ್ನ ಪರೀಕ್ಷೆಯನ್ನು ತಾನೇ ನಡೆಸುತ್ತದೆ. ಎರಡರಲ್ಲಿ ಯಾವುದನ್ನು ಗೆದ್ದರೂ ಸ್ಕೇಲ್ 1ರ ಅಧಿಕಾರಿಯಾಗುತ್ತಾರೆ. 2024ರ ಮಾರ್ಚ್‌ನಲ್ಲಿ ಸಹಿಯಾದ ವೇತನ ಒಪ್ಪಂದದಂತೆ ಈ ಸ್ಕೇಲ್‌ನ ಮೂಲ ವೇತನ ₹48,480ರಿಂದ ಆರಂಭವಾಗುತ್ತದೆ. ಸ್ಟೇಟ್ ಬ್ಯಾಂಕ್ ನಾಲ್ಕು ಇನ್‌ಕ್ರಿಮೆಂಟ್‌ಗಳನ್ನು ಮೊದಲೇ ಕೊಡುವುದರಿಂದ ಅಲ್ಲಿ ಆರಂಭ ₹56,480.

ಪರೀಕ್ಷೆಯ ಅಂಕಗಳಷ್ಟೇ ಮುಖ್ಯವಾದದ್ದು ಬ್ಯಾಂಕುಗಳ ಆದ್ಯತೆಯ ಪಟ್ಟಿ, ಮತ್ತು ಇದನ್ನು ಅಭ್ಯರ್ಥಿಗಳು ಸ್ನೇಹಿತರನ್ನು ಕೇಳಿ ಐದು ನಿಮಿಷದಲ್ಲಿ ತುಂಬಿಬಿಡುತ್ತಾರೆ. ಬೆಂಗಳೂರಿನಲ್ಲಿ ಹಿಂದೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಮತ್ತು ವಿಜಯಾ ಬ್ಯಾಂಕುಗಳ ಪ್ರಧಾನ ಕಚೇರಿಗಳಿದ್ದವು. ಮೊದಲನೆಯದು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದೊಳಗೆ, ಎರಡನೆಯದು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಳಗೆ ವಿಲೀನವಾಯಿತು. ಈಗ ಸರ್ಕಾರಿ ಬ್ಯಾಂಕುಗಳ ಪೈಕಿ ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಉಳಿಸಿಕೊಂಡಿರುವುದು ಕೆನರಾ ಬ್ಯಾಂಕ್ ಒಂದೇ. ಸಾಲದ ಕೆಲಸ ಎಲ್ಲ ಬ್ಯಾಂಕುಗಳಿಗೂ ಎಲ್ಲ ಊರುಗಳಲ್ಲೂ ಇರುತ್ತದೆ, ಆದರೆ ರಿಸ್ಕ್ ವಿಭಾಗ ಸಾಮಾನ್ಯವಾಗಿ ಪ್ರಧಾನ ಕಚೇರಿಯಲ್ಲೇ ಇರುತ್ತದೆ. ಆದ್ದರಿಂದ ಮುಂದೆ ರಿಸ್ಕ್ ಕೆಲಸ ಬೇಕು, ಊರು ಬೆಂಗಳೂರೇ ಆಗಿರಬೇಕು ಎನ್ನುವವರು ಆ ಒಂದು ಹೆಸರನ್ನು ಪಟ್ಟಿಯ ಯಾವ ಸ್ಥಾನದಲ್ಲಿ ಬರೆಯುತ್ತಾರೆ ಎಂಬುದು ಹತ್ತು ವರ್ಷಗಳ ಮೇಲೆ ಪರಿಣಾಮ ಬೀರುತ್ತದೆ.

ಕ್ಲರ್ಕ್ ಹುದ್ದೆಯ ಪರೀಕ್ಷೆಯಲ್ಲಿ ಸಂದರ್ಶನವಿಲ್ಲ, ಆಯಾ ರಾಜ್ಯದ ಭಾಷೆಯ ಜ್ಞಾನಕ್ಕೆ ಮಹತ್ವವಿದೆ, ಮೂಲ ವೇತನ ₹24,050ರಿಂದ ಶುರುವಾಗುತ್ತದೆ. ಕರ್ನಾಟಕದಲ್ಲೇ ಇರಬೇಕೆನ್ನುವವರಿಗೆ ಇದು ಒಳ್ಳೆಯ ಆಯ್ಕೆಯೇ. ಒಳಗಿನ ಬಡ್ತಿ ಪರೀಕ್ಷೆ ಬರೆದು ಅಧಿಕಾರಿಯಾದ ಅನೇಕರು ಸಾಲ ವಿಭಾಗದಲ್ಲಿ ಅತ್ಯುತ್ತಮ ಹೆಸರು ಗಳಿಸಿದ್ದಾರೆ. ಟ್ರೆಶರಿಗೆ ಮಾತ್ರ ಈ ದಾರಿ ತೀರಾ ಸುತ್ತು. ಗ್ರಾಮೀಣ ಬ್ಯಾಂಕ್ ಆರಿಸಿಕೊಂಡವರು, ಅಂದರೆ 2025ರ ಮೇ 1ರಿಂದ ಒಂದಾಗಿ ಬಳ್ಳಾರಿಯಲ್ಲಿ ಪ್ರಧಾನ ಕಚೇರಿ ಹೊಂದಿರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನಂಥ ಸಂಸ್ಥೆಗೆ ಸೇರಿದವರು, ಕೃಷಿ ಮತ್ತು ಸಣ್ಣ ಉದ್ಯಮದ ಸಾಲದಲ್ಲಿ ಬೇಗನೆ ಪಳಗುತ್ತಾರೆ. ದೊಡ್ಡ ಕಂಪನಿಗಳ ಸಾಲವಾಗಲಿ, ವಿದೇಶಿ ವಿನಿಮಯದ ವಹಿವಾಟಾಗಲಿ ಅಲ್ಲಿ ಅವರ ಕೈಗೆ ಬರುವುದು ಅಪರೂಪ. ರಿಸರ್ವ್ ಬ್ಯಾಂಕಿನ ಗ್ರೇಡ್ ಬಿ ಪರೀಕ್ಷೆಯನ್ನು ಇದೇ ಸಾಲಿನಲ್ಲಿಟ್ಟು ನೋಡುವುದು ಸರಿಯಲ್ಲ. ಅದು ಬ್ಯಾಂಕುಗಳನ್ನು ನಿಯಂತ್ರಿಸುವ ಸಂಸ್ಥೆಯ ಕೆಲಸ. ಅಲ್ಲಿ ಸಾಲ ಕೊಡುವ ಮೇಜೇ ಇಲ್ಲ.

ಇನ್ನೊಂದು ಪ್ರವೇಶವಿದೆ. ಬ್ಯಾಂಕುಗಳು ಆಗಾಗ ತಾವೇ ಅಧಿಸೂಚನೆ ಹೊರಡಿಸಿ ಕ್ರೆಡಿಟ್ ಆಫೀಸರ್, ರಿಸ್ಕ್ ಮ್ಯಾನೇಜರ್, ಟ್ರೆಶರಿ ಡೀಲರ್ ಮುಂತಾದ ಹುದ್ದೆಗಳಿಗೆ ನೇರವಾಗಿ ಸ್ಕೇಲ್ 2 ಅಥವಾ 3ರಲ್ಲಿ ನೇಮಕ ಮಾಡಿಕೊಳ್ಳುತ್ತವೆ. ಸಿಎ, ಫೈನಾನ್ಸ್‌ನಲ್ಲಿ ಎಂಬಿಎ ಅಥವಾ ರಿಸ್ಕ್ ನಿರ್ವಹಣೆಯ ಪ್ರಮಾಣಪತ್ರವಾದ ಎಫ್‌ಆರ್‌ಎಂನಂಥ ಅರ್ಹತೆ, ಜೊತೆಗೆ ಕೆಲವು ವರ್ಷಗಳ ಅನುಭವ ಕೇಳುತ್ತವೆ. ಸಿಎ ಮುಗಿಸಿದವರು ಪಿಒ ಪರೀಕ್ಷೆಯ ರೀಸನಿಂಗ್‌ಗಾಗಿ ಒಂದು ವರ್ಷ ಕಳೆಯುವ ಮೊದಲು ಈ ಅಧಿಸೂಚನೆಗಳನ್ನು ನೋಡಬೇಕು.

ಸ್ಕೇಲ್‌ಗಳು ಮತ್ತು ಮೊದಲ ಐದು ವರ್ಷ

ಸ್ಕೇಲ್ 1 ಕಿರಿಯ ಆಡಳಿತ ಶ್ರೇಣಿ; 2 ಮತ್ತು 3 ಮಧ್ಯಮ ಶ್ರೇಣಿ, ಅಂದರೆ ಮ್ಯಾನೇಜರ್ ಮತ್ತು ಸೀನಿಯರ್ ಮ್ಯಾನೇಜರ್; 4 ಚೀಫ್ ಮ್ಯಾನೇಜರ್, 5 ಎಜಿಎಂ, 6 ಡಿಜಿಎಂ, 7 ಜನರಲ್ ಮ್ಯಾನೇಜರ್. ಸ್ಕೇಲ್ 2ರ ಮೂಲ ವೇತನ ₹64,820ರಿಂದ, ಸ್ಕೇಲ್ 3ರದು ₹85,920ರಿಂದ ಆರಂಭ. ಬಡ್ತಿಗೆ ಬೇಕಾದ ಕನಿಷ್ಠ ಸೇವಾವಧಿ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಆದರೆ ಗ್ರಾಮೀಣ ಅಥವಾ ಅರೆನಗರ ಶಾಖೆಯಲ್ಲಿ ದುಡಿದಿರಬೇಕು, ಶಾಖೆಯ ಮುಖ್ಯಸ್ಥರಾಗಿದ್ದಿರಬೇಕು ಎಂಬ ಷರತ್ತುಗಳು ಮೇಲಿನ ಬಡ್ತಿಗಳಿಗೆ ಹಲವು ಕಡೆ ಇವೆ. ಸ್ಕೇಲ್ 1ರಲ್ಲಿರುವಾಗಲೇ ಪ್ರಧಾನ ಕಚೇರಿ ಸೇರಿ ಅಲ್ಲೇ ನೆಲೆಯೂರಿದವರು ಕೊನೆಗೆ 40ರ ಆಸುಪಾಸಿನಲ್ಲಿ, ಮಕ್ಕಳು ಹೈಸ್ಕೂಲಿನಲ್ಲಿರುವಾಗ, ದೂರದ ಶಾಖೆಗೆ ಹೋಗಬೇಕಾಗಿ ಬರುವುದು ಇದೇ ಕಾರಣಕ್ಕೆ. ಶಾಖೆಯ ಋಣವನ್ನು ಮೊದಲ ಐದು ವರ್ಷಗಳಲ್ಲೇ ತೀರಿಸಿಕೊಳ್ಳುವುದು ಜಾಣತನ.

ಅದೇ ಅವಧಿಯಲ್ಲಿ, ಬ್ಯಾಂಕ್ ಸಿಬ್ಬಂದಿಗೆ ವೃತ್ತಿಪರ ಪರೀಕ್ಷೆ ನಡೆಸುವ ಸಂಸ್ಥೆಯಾದ ಐಐಬಿಎಫ್‌ನ ಜೆಎಐಐಬಿ ಮತ್ತು ಸಿಎಐಐಬಿ ಪರೀಕ್ಷೆಗಳನ್ನು ಮುಗಿಸಬೇಕು. ಇವುಗಳಿಗೆ ವೇತನದಲ್ಲಿ ಇನ್‌ಕ್ರಿಮೆಂಟ್ ಸಿಗುತ್ತದೆ. ಸಿಎಐಐಬಿಯಲ್ಲಿ ಒಂದು ಐಚ್ಛಿಕ ವಿಷಯವಿದ್ದು, ರಿಸ್ಕ್ ಮ್ಯಾನೇಜ್‌ಮೆಂಟ್ ಆಯ್ದುಕೊಂಡವರ ಹೆಸರು ಮುಂದೆ ವಿಭಾಗ ಬದಲಾಯಿಸುವಾಗ ಕಣ್ಣಿಗೆ ಬೀಳುತ್ತದೆ. 2016ರಲ್ಲಿ ರಿಸರ್ವ್ ಬ್ಯಾಂಕ್ ಟ್ರೆಶರಿ, ರಿಸ್ಕ್, ಲೆಕ್ಕಪತ್ರ ಮತ್ತು ಸಾಲ ನಿರ್ವಹಣೆಯ ಕೆಲಸಗಳಿಗೆ ಸಿಬ್ಬಂದಿಯನ್ನು ನಿಯೋಜಿಸುವಾಗ ಪ್ರಮಾಣಪತ್ರ ಇರಬೇಕೆಂಬ ನೀತಿಯನ್ನು ತಂದ ಮೇಲೆ, ಆಯಾ ವಿಭಾಗದ ಪ್ರಮಾಣಪತ್ರವನ್ನು ಮೊದಲೇ ಪಡೆದವರ ಅರ್ಜಿಗೆ ಬೆಲೆ ಹೆಚ್ಚಿದೆ.

ಸಾಲ: ಒಂದು ಕಡತವನ್ನು ಬಿಡಿಸಿ ನೋಡಿದರೆ

ಸಾಲದ ಕೆಲಸ ಎಂದರೇನು ಎಂದು ತಿಳಿಯಲು ಒಂದು ಕಲ್ಪಿತ ಕಡತವನ್ನೇ ತೆಗೆದುಕೊಳ್ಳೋಣ. ಪೀಣ್ಯದ ಒಂದು ಮೆಷೀನ್ ಶಾಪ್ ವಾಹನಗಳ ಬಿಡಿಭಾಗ ತಯಾರಿಸುತ್ತದೆ. ಕಳೆದ ವರ್ಷದ ವಹಿವಾಟು ₹6.2 ಕೋಟಿ, ಮುಂದಿನ ವರ್ಷ ₹8 ಕೋಟಿ ಆಗುತ್ತದೆಂದು ಮಾಲೀಕರು ಅಂದಾಜು ಕೊಟ್ಟು ಕ್ಯಾಶ್ ಕ್ರೆಡಿಟ್ ಮಿತಿ ಕೇಳುತ್ತಾರೆ. ₹5 ಕೋಟಿವರೆಗಿನ ದುಡಿಯುವ ಬಂಡವಾಳಕ್ಕೆ ನಾಯಕ್ ಸಮಿತಿಯ ವಹಿವಾಟು ಸೂತ್ರವಿದೆ: ಅಂದಾಜು ವಹಿವಾಟಿನ ಶೇ 25ರಷ್ಟು ಒಟ್ಟು ಅಗತ್ಯ, ಅದರಲ್ಲಿ ಶೇ 20 ಬ್ಯಾಂಕಿನದು, ಶೇ 5 ಮಾಲೀಕರದು. ₹8 ಕೋಟಿಯನ್ನು ಹಾಗೆಯೇ ಒಪ್ಪಿದರೆ ಮಿತಿ ₹1.6 ಕೋಟಿ ಆಗುತ್ತದೆ. ಅಧಿಕಾರಿ ಇಲ್ಲಿ ನಿಲ್ಲಬಾರದು. ಈ ವರ್ಷದ ಜಿಎಸ್‌ಟಿ ರಿಟರ್ನ್‌ಗಳನ್ನು ತಿಂಗಳುವಾರು ಜೋಡಿಸಿ ನೋಡಿದಾಗ ವೇಗ ₹7 ಕೋಟಿಯಷ್ಟೇ ಎಂದು ಕಂಡರೆ, ಹೊಸ ಆರ್ಡರ್‌ಗಳ ಪತ್ರವಿಲ್ಲದೆ ₹8 ಕೋಟಿಯನ್ನು ಒಪ್ಪಲು ಆಧಾರವಿಲ್ಲ. ₹7 ಕೋಟಿಯ ಮೇಲೆ ಮಿತಿ ₹1.4 ಕೋಟಿ.

ಮಂಜೂರಾತಿಯ ನಂತರ ನಿಜವಾದ ಕೆಲಸ ಶುರುವಾಗುತ್ತದೆ. ಪ್ರತಿ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್‌ನಲ್ಲಿ ಸರಕು ₹80 ಲಕ್ಷ, ಸರಕು ಸರಬರಾಜು ಮಾಡಿದವರಿಗೆ ಕೊಡಬೇಕಾದದ್ದು ₹40 ಲಕ್ಷ, ಗ್ರಾಹಕರಿಂದ ಬರಬೇಕಾದದ್ದು ₹1.6 ಕೋಟಿ ಎಂದಿರಲಿ. ಬಾಕಿ ಕೊಡಬೇಕಾದದ್ದನ್ನು ಕಳೆದು ಉಳಿದ ಸರಕಿನ ಮೇಲೆ ಶೇ 25 ಮಾರ್ಜಿನ್ ಬಿಟ್ಟರೆ ₹30 ಲಕ್ಷ, ಬರಬೇಕಾದ ಬಾಕಿಯ ಮೇಲೂ ಅಷ್ಟೇ ಬಿಟ್ಟರೆ ₹1.2 ಕೋಟಿ, ಎರಡೂ ಸೇರಿ ಡ್ರಾಯಿಂಗ್ ಪವರ್, ಅಂದರೆ ಆಗ ಖಾತೆಯಿಂದ ಬಳಸಬಹುದಾದ ಮೊತ್ತ, ₹1.5 ಕೋಟಿ ಬರುವುದರಿಂದ ಪೂರ್ತಿ ಮಿತಿ ಬಳಸಬಹುದು ಎಂದು ಕಾಣುತ್ತದೆ. ಆದರೆ ಬರಬೇಕಾದ ಬಾಕಿಯ ವಯಸ್ಸಿನ ಪಟ್ಟಿ ಕೇಳಿದಾಗ ₹50 ಲಕ್ಷ 90 ದಿನ ದಾಟಿದ್ದು ಎಂದು ತಿಳಿದರೆ, ಮಂಜೂರಾತಿಯ ಷರತ್ತಿನಂತೆ ಅದನ್ನು ಬಿಡಬೇಕು. ಉಳಿದ ₹1.1 ಕೋಟಿಯ ಮೇಲೆ ₹82.5 ಲಕ್ಷ, ಸರಕಿನ ₹30 ಲಕ್ಷ ಸೇರಿ ಡ್ರಾಯಿಂಗ್ ಪವರ್ ₹1.125 ಕೋಟಿ ಮಾತ್ರ. ಖಾತೆಯಲ್ಲಿ ₹1.4 ಕೋಟಿ ಬಳಕೆಯಾಗಿದ್ದರೆ ₹27.5 ಲಕ್ಷ ಹೆಚ್ಚುವರಿ. ಈ ಹೆಚ್ಚುವರಿ ಸತತ 90 ದಿನ ಮುಂದುವರಿದರೆ ಖಾತೆ ಎನ್‌ಪಿಎ ಆಗುತ್ತದೆ, ಮಾಲೀಕರು ಬಡ್ಡಿ ಕಟ್ಟುತ್ತಿದ್ದರೂ ಸಹ. ವಯಸ್ಸಿನ ಪಟ್ಟಿ ಕೇಳದ ಅಧಿಕಾರಿಗೆ ಇದು ಆಡಿಟರ್ ಬಂದ ಮೇಲೆ ತಿಳಿಯುತ್ತದೆ.

ಈ ವಿಭಾಗದ ಲಾಭವೂ ಭಯವೂ ಇಲ್ಲೇ ಇವೆ. ಕಡತದ ಮೇಲೆ ಅಧಿಕಾರಿಯ ಸಹಿ ಇರುತ್ತದೆ. ಖಾತೆ ಎನ್‌ಪಿಎ ಆದಾಗ ಸಿಬ್ಬಂದಿ ಹೊಣೆಗಾರಿಕೆಯ ಪರಿಶೀಲನೆ ನಡೆಯುತ್ತದೆ. ₹50 ಕೋಟಿವರೆಗಿನ ಖಾತೆಗಳಿಗೆ ಇದನ್ನು ಆರು ತಿಂಗಳಲ್ಲಿ ಮುಗಿಸಬೇಕೆಂದು ಹಣಕಾಸು ಸಚಿವಾಲಯ 2021ರಲ್ಲಿ ಮಾರ್ಗಸೂಚಿ ಕೊಟ್ಟ ಮೇಲೆ ವರ್ಷಗಟ್ಟಲೆ ತೂಗಾಡುವ ಭಯ ಸ್ವಲ್ಪ ಕಡಿಮೆಯಾಗಿದೆ. ಮಂಜೂರಾದ ವರ್ಷದೊಳಗೆ ಕೆಡುವ ಖಾತೆಗೆ ಬ್ಯಾಂಕಿನವರು ‘ಕ್ವಿಕ್ ಮಾರ್ಟಾಲಿಟಿ’ ಎನ್ನುತ್ತಾರೆ. ಅಂಥ ಕಡತವನ್ನು ಎಲ್ಲಕ್ಕಿಂತ ಕಠಿಣವಾಗಿ ನೋಡುತ್ತಾರೆ. ವ್ಯಾಪಾರ ನಿಜಕ್ಕೂ ಕುಸಿದು ಸಾಲ ಕೆಟ್ಟರೆ, ಮತ್ತು ಅಧಿಕಾರಿ ಘಟಕಕ್ಕೆ ಭೇಟಿ ಕೊಟ್ಟ ವರದಿ, ಜಿಎಸ್‌ಟಿ ಹೋಲಿಕೆ, ಆಸ್ತಿಯ ಋಣಭಾರ ಪ್ರಮಾಣಪತ್ರ, ಖಾತಾ ಪರಿಶೀಲನೆ ಎಲ್ಲವನ್ನೂ ಕಡತದಲ್ಲಿ ದಾಖಲಿಸಿದ್ದರೆ, ಪರಿಶೀಲನೆ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಬಿ ಖಾತೆಯ ಆಸ್ತಿಯನ್ನು ಅಡಮಾನಕ್ಕೆ ಪಡೆಯುವ ಪ್ರಶ್ನೆ ಬಂದಾಗ ಪ್ಯಾನಲ್ ವಕೀಲರ ವರದಿಯೊಂದನ್ನೇ ನಂಬಿ ಸಹಿ ಮಾಡುವವರು ಅಪಾಯಕ್ಕೆ ತಾವೇ ಕೊರಳೊಡ್ಡುತ್ತಾರೆ.

ಪ್ರವೇಶದ ದೃಷ್ಟಿಯಿಂದ ಸಾಲ ವಿಭಾಗವೇ ಎಲ್ಲಕ್ಕಿಂತ ಉದಾರ. ಸ್ಕೇಲ್ 1ರಲ್ಲಿ ಬಂದರೂ ಸರಿ, ಸ್ಕೇಲ್ 3ರಲ್ಲಿ ಶಾಖೆ ನಡೆಸಿ ಬಂದರೂ ಸರಿ, ಜಾಗವಿರುತ್ತದೆ. ಚೀಫ್ ಮ್ಯಾನೇಜರ್ ಮತ್ತು ಅದರ ಮೇಲಿನ ಬಡ್ತಿ ಸಂದರ್ಶನಗಳಲ್ಲಿ ದೊಡ್ಡ ಸಾಲ ನಿಭಾಯಿಸಿದ ಅನುಭವಕ್ಕೆ ಇರುವ ತೂಕ ಬೇರೆ ಯಾವುದಕ್ಕೂ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಟ್ರೆಶರಿ: ಬೇಗ ಹೋಗಬೇಕು, ಮುಂಬೈಗೆ ಹೋಗಬೇಕು

ಬ್ಯಾಂಕು ತನ್ನ ಠೇವಣಿಗಳ ಶೇ 18ರಷ್ಟನ್ನು ಎಸ್‌ಎಲ್‌ಆರ್ ಆಗಿ ಮುಖ್ಯವಾಗಿ ಸರ್ಕಾರಿ ಸಾಲಪತ್ರಗಳಲ್ಲಿ ಇಡಲೇಬೇಕು. ಆ ಪತ್ರಗಳ ಕೊಳ್ಳುವಿಕೆ, ಮಾರಾಟ, ದಿನದ ನಗದಿನ ಹೊಂದಾಣಿಕೆ, ವಿದೇಶಿ ವಿನಿಮಯ ಇವೆಲ್ಲ ಟ್ರೆಶರಿಯ ಕೆಲಸ. ವಹಿವಾಟು ನಡೆಸುವ ಡೀಲರ್‌ಗಳು ಮುಂಭಾಗದಲ್ಲಿ, ಮಿತಿಗಳನ್ನು ಕಾಯುವವರು ಮಿಡ್ ಆಫೀಸಿನಲ್ಲಿ, ಪಾವತಿ ಮತ್ತು ಲೆಕ್ಕ ಮುಗಿಸುವವರು ಬ್ಯಾಕ್ ಆಫೀಸಿನಲ್ಲಿ ಇರುತ್ತಾರೆ. ಈ ಮೂರನ್ನೂ ಬೇರ್ಪಡಿಸಿರುವುದೇ ಅಲ್ಲಿನ ಮೊದಲ ರಕ್ಷಣೆ.

ಇಲ್ಲಿನ ಲೆಕ್ಕದ ಸ್ವಭಾವವೇ ಬೇರೆ. ₹100 ಕೋಟಿ ಮೌಲ್ಯದ ಹತ್ತು ವರ್ಷದ ಸಾಲಪತ್ರವೊಂದರ ಮಾಡಿಫೈಡ್ ಡ್ಯುರೇಶನ್, ಅಂದರೆ ಯೀಲ್ಡ್ ಬದಲಾದಾಗ ಬೆಲೆ ಎಷ್ಟು ಬದಲಾಗುತ್ತದೆ ಎಂಬುದರ ಅಳತೆ, 7 ಎಂದಿಟ್ಟುಕೊಳ್ಳಿ. ಮಾರುಕಟ್ಟೆಯ ಯೀಲ್ಡ್ ಒಂದು ಮಧ್ಯಾಹ್ನದಲ್ಲಿ 0.10 ಶೇಕಡಾವಾರು ಅಂಶದಷ್ಟು ಏರಿದರೆ ಬೆಲೆ ಸುಮಾರು ಶೇ 0.7ರಷ್ಟು ಇಳಿಯುತ್ತದೆ, ಅಂದರೆ ₹70 ಲಕ್ಷ. ಪೀಣ್ಯದ ಕಡತದಲ್ಲಿ ತಪ್ಪು ಹೊರಬರಲು ತಿಂಗಳುಗಳು ಬೇಕು. ಇಲ್ಲಿ ಸಂಜೆಯ ಹೊತ್ತಿಗೆ ಲೆಕ್ಕ ಎದುರಿಗಿರುತ್ತದೆ. ಆ ನಷ್ಟ ಎಲ್ಲಿ ಕಾಣಿಸುತ್ತದೆ ಎಂಬುದು ಪತ್ರ ಯಾವ ವರ್ಗದಲ್ಲಿದೆ ಎಂಬುದರ ಮೇಲೆ ನಿಂತಿದೆ. 2024ರ ಏಪ್ರಿಲ್ 1ರಿಂದ ಜಾರಿಯಾದ ನಿಯಮದಂತೆ, ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳುವ ವರ್ಗದಲ್ಲಿದ್ದರೆ ಬೆಲೆಯ ಏರಿಳಿತ ಪುಸ್ತಕಕ್ಕೆ ಬರುವುದಿಲ್ಲ. ಮಾರಾಟಕ್ಕೆ ಲಭ್ಯ ವರ್ಗದಲ್ಲಿದ್ದರೆ ಅದು ಮೀಸಲು ನಿಧಿಗೆ ಹೋಗುತ್ತದೆ. ವಹಿವಾಟಿನ ವರ್ಗದಲ್ಲಿದ್ದರೆ ನೇರವಾಗಿ ಲಾಭ-ನಷ್ಟಕ್ಕೆ ಬೀಳುತ್ತದೆ. ಡೀಲರ್ ಮಾಡಿದ ನಷ್ಟ ಅವರಿಗೆ ಕೊಟ್ಟ ಸ್ಟಾಪ್-ಲಾಸ್ ಮಿತಿಯೊಳಗಿದ್ದರೆ ಅದು ಅಪರಾಧವಲ್ಲ. ಮಿತಿ ದಾಟಿದ್ದನ್ನು ಮರೆಮಾಚುವುದು ಅಪರಾಧ. ಈ ಕಾರಣಕ್ಕಾಗಿಯೇ ಟ್ರೆಶರಿಯಂಥ ಸೂಕ್ಷ್ಮ ಕೆಲಸಗಳಲ್ಲಿ ಇರುವವರನ್ನು ವರ್ಷಕ್ಕೊಮ್ಮೆ, ಮುನ್ಸೂಚನೆ ಕೊಡದೆ, ಕನಿಷ್ಠ ಹತ್ತು ಕೆಲಸದ ದಿನ ಕಡ್ಡಾಯ ರಜೆಯ ಮೇಲೆ ಕಳುಹಿಸಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಕುರ್ಚಿಯಲ್ಲಿ ಬೇರೆಯವರು ಕುಳಿತಾಗ ಅಡಗಿಸಿಟ್ಟದ್ದು ಹೊರಬರುತ್ತದೆ.

ಬೆಂಗಳೂರಿನವರಿಗೆ ಇಲ್ಲಿರುವ ತೊಡಕು ನೇರವಾದದ್ದು. ಬಹುತೇಕ ಬ್ಯಾಂಕುಗಳ ಟ್ರೆಶರಿ ಮುಂಬೈಯಲ್ಲಿದೆ; ಬೆಂಗಳೂರಿನಲ್ಲಿ ಕುಳಿತು ಡೀಲರ್ ಆಗಿ ಬೆಳೆಯುವುದು ಕಷ್ಟ. ಡೀಲಿಂಗ್ ಕೋಣೆಯಲ್ಲಿ ಕುರ್ಚಿಗಳೇ ಕಡಿಮೆ, ಮತ್ತು ಹೊಸಬರನ್ನು ಸ್ಕೇಲ್ 1 ಅಥವಾ 2ರಲ್ಲೇ ತೆಗೆದುಕೊಂಡು ತಯಾರು ಮಾಡುತ್ತಾರೆ. 35 ದಾಟಿದ ಸೀನಿಯರ್ ಮ್ಯಾನೇಜರ್ ಶಾಖೆಯಿಂದ ನೇರವಾಗಿ ಡೀಲರ್ ಕುರ್ಚಿಗೆ ಬಂದದ್ದು ಅಪರೂಪ. ಮನಸ್ಸಿದ್ದವರು ಶಾಖೆಯ ಎರಡು-ಮೂರು ವರ್ಷ ಮುಗಿಯುತ್ತಿದ್ದಂತೆ ಒಳಗಿನ ಸುತ್ತೋಲೆಗಳನ್ನು ಕಾಯಬೇಕು, ಅಷ್ಟರೊಳಗೆ ಐಐಬಿಎಫ್‌ನ ಟ್ರೆಶರಿ ಪ್ರಮಾಣಪತ್ರ ಕೈಯಲ್ಲಿರಬೇಕು. ವಿದೇಶಿ ವಿನಿಮಯದ ಮೇಲೆ ಒಲವಿದ್ದು ಊರು ಬಿಡಲಾಗದವರಿಗೆ, ಬೆಂಗಳೂರಿನಲ್ಲಿ ರಫ್ತುದಾರರ ಬಿಲ್‌ಗಳನ್ನು ನೋಡಿಕೊಳ್ಳುವ ಫಾರೆಕ್ಸ್ ಶಾಖೆಗಳ ಕೆಲಸ ಒಂದು ಮಧ್ಯದ ದಾರಿ. ಅದು ಡೀಲಿಂಗ್ ಅಲ್ಲ ಎಂಬುದನ್ನು ಮಾತ್ರ ತಿಳಿದಿರಬೇಕು.

ರಿಸ್ಕ್: ಒಂದು ಕಡತವಲ್ಲ, ನಾನೂರು ಕಡತ

ಸಾಲದ ಅಧಿಕಾರಿ ಪೀಣ್ಯದ ಒಂದು ಘಟಕ ನೋಡಿದರೆ, ರಿಸ್ಕ್ ವಿಭಾಗದವರು ಅಂಥ ನಾನೂರು ಖಾತೆಗಳನ್ನು ಒಟ್ಟಿಗೆ ನೋಡುತ್ತಾರೆ. ಒಳಗಿನ ರೇಟಿಂಗ್ ಮಾದರಿ ಒಂದು ದರ್ಜೆಯ ಖಾತೆಗಳಲ್ಲಿ ವರ್ಷಕ್ಕೆ ಶೇ 1.5ರಷ್ಟು ಕೆಡಬಹುದು ಎಂದು ಹೇಳಿದೆ ಎನ್ನಿ. ಆ ನಾನೂರರಲ್ಲಿ 12 ಕೆಟ್ಟಿದ್ದರೆ ಅದು ಶೇ 3. ಆಗ ಬರುವ ಪ್ರಶ್ನೆ ಮಾದರಿ ತಪ್ಪೇ, ಇಲ್ಲವೇ ಶಾಖೆಗಳು ಅಂಕಿಗಳನ್ನು ಚೆನ್ನಾಗಿ ಕಾಣುವಂತೆ ತುಂಬಿ ಒಳ್ಳೆಯ ದರ್ಜೆ ಪಡೆದಿವೆಯೇ ಎಂಬುದು. ಕೆಟ್ಟ ಹನ್ನೆರಡರಲ್ಲಿ ಎಂಟು ಘಟಕಗಳು ಒಂದೇ ವಾಹನ ಕಂಪನಿಗೆ ಸರಬರಾಜು ಮಾಡುವವು ಎಂದು ಗೊತ್ತಾದರೆ ಅದು ಇನ್ನೂ ಬೇರೆ ಸಮಸ್ಯೆ. ಈ ಪ್ರಶ್ನೆಗಳನ್ನು ಸರಿಯಾಗಿ ಕೇಳಬಲ್ಲವರು ಡ್ರಾಯಿಂಗ್ ಪವರ್ ಹೇಗೆ ಉಬ್ಬುತ್ತದೆ ಎಂಬುದನ್ನು ಕಣ್ಣಾರೆ ಕಂಡವರು. ಹಾಗಾಗಿ ಸಾಲದ ಅನುಭವವಿಲ್ಲದೆ ಕ್ರೆಡಿಟ್ ರಿಸ್ಕ್‌ಗೆ ಬಂದವರಿಗಿಂತ, ಮೂರು-ನಾಲ್ಕು ವರ್ಷ ಸಾಲ ಕೊಟ್ಟು ಬಂದವರ ಮಾತಿಗೆ ಸಭೆಯಲ್ಲಿ ಹೆಚ್ಚು ಬೆಲೆ. ಸಂಖ್ಯಾಶಾಸ್ತ್ರ ಅಥವಾ ಗಣಿತದ ಹಿನ್ನೆಲೆಯಿದ್ದು ಮಾದರಿಗಳನ್ನೇ ಕಟ್ಟುವವರು ಇದಕ್ಕೆ ಅಪವಾದ.

ರಿಸ್ಕ್ ವಿಭಾಗ ಹಿಂದೆ ಬಡ್ತಿ ತಪ್ಪಿದವರ ಜಾಗ ಎಂದು ಕೆಲವರು ಗುಣುಗುತ್ತಿದ್ದರು. ಈಗ ಹಾಗಿಲ್ಲ. 2017ರಲ್ಲಿ ರಿಸರ್ವ್ ಬ್ಯಾಂಕ್ ಮುಖ್ಯ ರಿಸ್ಕ್ ಅಧಿಕಾರಿಯ ಅಧಿಕಾರಾವಧಿಯನ್ನು ನಿಗದಿತವಾಗಿಸಿ, ಅವರಿಗೆ ವ್ಯಾಪಾರದ ಹೊಣೆ ಹೊರಿಸಬಾರದೆಂದು ಸ್ಪಷ್ಟಪಡಿಸಿತು. ಇನ್ನು 2025ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಕರಡು ನಿಯಮಗಳು, ಸಾಲ ಕೆಟ್ಟ ನಂತರ ಹಣ ತೆಗೆದಿಡುವ ಪದ್ಧತಿಯ ಬದಲಿಗೆ ನಿರೀಕ್ಷಿತ ನಷ್ಟವನ್ನು ಮೊದಲೇ ಅಂದಾಜಿಸಿ ತೆಗೆದಿಡುವ ಪದ್ಧತಿಯನ್ನು 2027ರ ಏಪ್ರಿಲ್‌ನಿಂದ ತರುವ ಪ್ರಸ್ತಾವ ಮಾಡಿವೆ. ಆ ಅಂದಾಜು ಮಾಡಬಲ್ಲವರು ಪ್ರತಿ ಬ್ಯಾಂಕಿಗೂ ಬೇಕಾಗುತ್ತಾರೆ. ಈ ವಿಭಾಗಕ್ಕೆ ಒಂದು ಕೊರತೆಯೂ ಇದೆ: ಇಲ್ಲಿ ಮಾಡಿದ ಒಳ್ಳೆಯ ಕೆಲಸದ ಫಲ ಆಗದೆ ಹೋದ ನಷ್ಟವಾಗಿರುವುದರಿಂದ, ಬಡ್ತಿಯ ಸಂದರ್ಶನದಲ್ಲಿ ತೋರಿಸಲು ಅಂಕಿ ಸಿಗುವುದಿಲ್ಲ.

ಇಬ್ಬರು ಅಧಿಕಾರಿಗಳ ಲೆಕ್ಕ

ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಒಬ್ಬರಿಗೆ 26 ವರ್ಷ, ಬಿ.ಕಾಂ. ಓದಿ ಪಿಒ ಆಗಿ ಮೂರು ವರ್ಷ ತುಮಕೂರು ಕಡೆಯ ಶಾಖೆಯಲ್ಲಿದ್ದಾರೆ, ಇನ್ನೂ ಮದುವೆಯಾಗಿಲ್ಲ, ಮಾರುಕಟ್ಟೆಯ ಸುದ್ದಿ ಓದುವುದು ಅಭ್ಯಾಸ. ಇವರು ಟ್ರೆಶರಿಗೆ ಈಗಲೇ ಅರ್ಜಿ ಹಾಕಬೇಕು; ಎರಡು ವರ್ಷ ಕಾದರೆ ಗಳಿಸುವುದು ಏನೂ ಇಲ್ಲ. ಮುಂಬೈಯ ಜೀವನ ಒಗ್ಗದಿದ್ದರೆ 30ರ ಹೊತ್ತಿಗೆ ಸಾಲ ವಿಭಾಗಕ್ಕೆ ಮರಳಬಹುದು, ಏಕೆಂದರೆ ಆ ಬಾಗಿಲು ತೆರೆದೇ ಇರುತ್ತದೆ. ಹಿಮ್ಮುಖವಾಗಿ ಈ ಪ್ರಯಾಣ ನಡೆಯುವುದಿಲ್ಲ.

ಇನ್ನೊಬ್ಬರಿಗೆ 33, ಸ್ಕೇಲ್ 2, ಸಂಗಾತಿ ವೈಟ್‌ಫೀಲ್ಡ್‌ನ ಐಟಿ ಕಂಪನಿಯಲ್ಲಿ, ಮಗು ಈಗ ಶಾಲೆಗೆ ಸೇರಿದೆ. ಇವರಿಗೆ ಟ್ರೆಶರಿಯ ಆಸೆ ಬಿಡುವುದೇ ಒಳ್ಳೆಯದು. ಬೆಂಗಳೂರಿನ ಎಂಎಸ್‌ಎಂಇ ಸಾಲ ಕೇಂದ್ರವೊಂದರಲ್ಲಿ ಮೂರು ವರ್ಷ ಕಳೆದು, ಆ ನಡುವೆ ಎಫ್‌ಆರ್‌ಎಂನ ಎರಡು ಭಾಗಗಳನ್ನು ಬರೆದು, ನಂತರ ಕ್ರೆಡಿಟ್ ರಿಸ್ಕ್‌ಗೆ ಹೋಗುವ ಯೋಜನೆ ಇವರಿಗೆ ಹೊಂದುತ್ತದೆ. ಅವರ ಬ್ಯಾಂಕಿನ ಪ್ರಧಾನ ಕಚೇರಿ ಚೆನ್ನೈ ಅಥವಾ ಮುಂಬೈಯಲ್ಲಿದ್ದರೆ ಮಾತ್ರ ಈ ಯೋಜನೆಯ ಕೊನೆಯ ಹೆಜ್ಜೆ ವರ್ಗಾವಣೆಯನ್ನು ತರುತ್ತದೆ; ಆಗ ಸಾಲ ವಿಭಾಗದಲ್ಲೇ ಉಳಿಯುವುದೋ, ಬ್ಯಾಂಕಿನ ಹೊರಗೆ ನೋಡುವುದೋ ಎಂಬ ಆಯ್ಕೆ ಬರುತ್ತದೆ.

ಹೊರಗಿನ ಬೇಡಿಕೆಯೂ ಮೂರಕ್ಕೂ ಒಂದೇ ತೆರನಾಗಿಲ್ಲ. ಗೋಲ್ಡ್‌ಮನ್ ಸ್ಯಾಕ್ಸ್, ಜೆಪಿ ಮೋರ್ಗನ್, ವೆಲ್ಸ್ ಫಾರ್ಗೋ ಮುಂತಾದ ವಿದೇಶಿ ಬ್ಯಾಂಕುಗಳು ಬೆಂಗಳೂರಿನಲ್ಲಿ ದೊಡ್ಡ ಕಚೇರಿಗಳನ್ನು ಇಟ್ಟುಕೊಂಡಿದ್ದು, ಅಂಥಲ್ಲಿ ರಿಸ್ಕ್ ಮಾದರಿಗಳ ಕೆಲಸ ನಡೆಯುತ್ತದೆ. ಆದರೆ ಅವರು ಕೇಳುವುದು ಪೈಥಾನ್ ಮತ್ತು ಸಂಖ್ಯಾಶಾಸ್ತ್ರವನ್ನು, ಶಾಖೆಯ ಅನುಭವವನ್ನಲ್ಲ. ಸಾಲದಲ್ಲಿ ಪಳಗಿದವರಿಗೆ ಬೆಂಗಳೂರಿನಲ್ಲೇ ಪ್ರಧಾನ ಕಚೇರಿ ಹೊಂದಿರುವ ಉಜ್ಜೀವನ್ ಮತ್ತು ಜನಾ ಸ್ಮಾಲ್ ಫೈನಾನ್ಸ್ ಬ್ಯಾಂಕುಗಳು, ಹಲವು ಎನ್‌ಬಿಎಫ್‌ಸಿಗಳು ಇವೆ. ಅಲ್ಲಿ ಸಂಬಳ ಹೆಚ್ಚಾಗಬಹುದು, ಗುರಿಯ ಒತ್ತಡವೂ ಹೆಚ್ಚು. ಬಿಡುವ ನಿರ್ಧಾರಕ್ಕೆ ಮೊದಲು ನೇಮಕಾತಿ ಬಾಂಡ್‌ನ ಅವಧಿ ಮುಗಿದಿದೆಯೇ, ರಿಯಾಯಿತಿ ಬಡ್ಡಿಯಲ್ಲಿ ಪಡೆದ ಸಿಬ್ಬಂದಿ ಗೃಹಸಾಲ ರಾಜೀನಾಮೆಯ ದಿನದಿಂದ ಸಾಮಾನ್ಯ ಬಡ್ಡಿಗೆ ಬದಲಾಗುತ್ತದೆಯೇ ಎಂಬ ಎರಡನ್ನೂ ಬ್ಯಾಂಕಿನ ಸಿಬ್ಬಂದಿ ವಿಭಾಗದಿಂದ ಲಿಖಿತವಾಗಿ ಕೇಳಿ ತಿಳಿಯಬೇಕು. ₹60 ಲಕ್ಷದ ಸಾಲದ ಮೇಲೆ ಬಡ್ಡಿ ಎರಡು ಶೇಕಡಾ ಏರಿದರೂ ಮೊದಲ ವರ್ಷವೇ ಸುಮಾರು ₹1.2 ಲಕ್ಷದ ಹೊರೆ ಬೀಳುತ್ತದೆ, ಹೊಸ ಸಂಬಳದ ಹೋಲಿಕೆಯಲ್ಲಿ ಅದನ್ನು ಕಳೆದೇ ನೋಡಬೇಕು.